ಅಂಕಿಅಂಶ ಇರುವ ಲೇಖನ: ಪ್ರಕಟಿಸುವ ಮುನ್ನ ಮೂಲ, ಲೆಕ್ಕ ಮತ್ತು ಸ್ವಂತಿಕೆ ಪರೀಕ್ಷಿಸುವ ಬಗೆ

ಅಂಕಿಅಂಶ ಕೊಡುವ ಲೇಖನಗಳಲ್ಲಿ ದೊಡ್ಡ ತಪ್ಪುಗಳು ಟೈಪ್ ಮಾಡುವಾಗ ಆಗುವುದು ಕಡಿಮೆ. ಎಷ್ಟೋ ಸಲ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಅದರ ಜೊತೆಗಿದ್ದ ಷರತ್ತು ದಾರಿಯಲ್ಲಿ ಕಳಚಿ ಬಿದ್ದಿರುತ್ತದೆ. ಯಾರನ್ನು ಎಣಿಸಿದರು, ಎಲ್ಲಿ ಎಣಿಸಿದರು, ಎಷ್ಟು ಜನರ ಪೈಕಿ, ಎಷ್ಟು ಕಾಲ? ಇವು ಹೋದ ಮೇಲೆ ಉಳಿಯುವ ಸಂಖ್ಯೆ ಯಾರ ಮಾತಿಗೆ ಬೇಕಾದರೂ ಸಾಕ್ಷಿ ಹೇಳುತ್ತದೆ. ಅದಕ್ಕೇ ಪರೀಕ್ಷೆ ಅಂದರೆ ಸಂಖ್ಯೆಯನ್ನು ಮತ್ತೊಂದು ಕಡೆ ನೋಡಿ ತಾಳೆ ಹಾಕುವುದಷ್ಟೇ ಅಲ್ಲ, ಅದು ಹುಟ್ಟಿದ ಜಾಗದ ತನಕ ಹೋಗಿ ನೋಡುವುದು.

ಕರಡು ಮುಗಿದ ಮೇಲೆ, ಪ್ರಕಟಿಸುವ ಮುನ್ನ ಮಾಡುವ ಕೆಲಸವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಹೇಳುತ್ತೇನೆ. ಎರಡನೇ ಹೆಜ್ಜೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ತಪ್ಪುಗಳು ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ.

## ಹೆಜ್ಜೆ 1: ಕರಡಿನ ಮೇಲೆ ಗೆರೆ ಎಳೆಯಿರಿ

ಕರಡಿನ ಒಂದು ಬೇರೆ ಪ್ರತಿ ಮಾಡಿಕೊಳ್ಳಿ. ಕಾಗದದ ಮೇಲಾದರೆ ಇನ್ನೂ ಒಳ್ಳೆಯದು. ನಿಜವೋ ಸುಳ್ಳೋ ಎಂದು ಯಾರಾದರೂ ಕೇಳಬಹುದಾದ ಪ್ರತಿಯೊಂದು ಮಾತಿನ ಕೆಳಗೂ ಗೆರೆ ಎಳೆಯಿರಿ. ಸಂಖ್ಯೆ, ದಿನಾಂಕ, ಹೆಸರು, ಹುದ್ದೆ, ಉದ್ಧರಣೆ ಇವು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಕಣ್ಣು ತಪ್ಪಿಸಿಕೊಳ್ಳುವವು ಬೇರೆ ಇವೆ. 'ಬಹುತೇಕರು', 'ದುಪ್ಪಟ್ಟಾಗಿದೆ', 'ಹೆಚ್ಚುತ್ತಿದೆ' ಎಂಬ ಮಾತುಗಳಲ್ಲಿ ಸಂಖ್ಯೆ ಅಡಗಿ ಕೂತಿದೆ. 'ಮೊದಲ', 'ಅತಿ ದೊಡ್ಡ', 'ಏಕೈಕ' ಎಂದರೆ ಉಳಿದ ಎಲ್ಲವನ್ನೂ ನೋಡಿದ್ದೇವೆ ಎಂದು ಹೇಳಿದಂತೆ. 'ಇದರಿಂದಾಗಿ' ಎಂಬ ಒಂದು ಪದ ಎರಡು ಸಂಗತಿಗಳ ನಡುವೆ ಕಾರಣದ ಸಂಬಂಧ ಕಟ್ಟಿಬಿಡುತ್ತದೆ. ಇವುಗಳ ಕೆಳಗೂ ಗೆರೆ ಬೀಳಲಿ.

ಆಮೇಲೆ ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಗೆರೆ ಎಳೆದ ಒಂದೊಂದು ಮಾತಿಗೂ ಒಂದು ಸಾಲು. ಮೊದಲ ಕಾಲಂನಲ್ಲಿ ನಿಮ್ಮ ವಾಕ್ಯ. ಎರಡನೆಯದರಲ್ಲಿ ಮೂಲದಲ್ಲಿರುವ ಮಾತು, ಅಕ್ಷರಕ್ಕೆ ಅಕ್ಷರ, ಅದರದೇ ಭಾಷೆಯಲ್ಲಿ. ಮೂರನೆಯದರಲ್ಲಿ ಪುಟ ಅಥವಾ ಕೋಷ್ಟಕದ ಸಂಖ್ಯೆ. ನಾಲ್ಕನೆಯದರಲ್ಲಿ ಯಾರನ್ನು, ಎಲ್ಲಿ, ಯಾವಾಗ ಅಳೆದರು ಎಂಬುದು. ಎರಡನೇ ಕಾಲಂ ಇದ್ದರೆ ಮಾತ್ರ ಈ ಪಟ್ಟಿಗೆ ಬೆಲೆ. ಬರೀ ಲಿಂಕ್ ಅಂಟಿಸಿದರೆ ಮೂಲ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಮೂಲ ನಿಮ್ಮ ಮಾತನ್ನೇ ಹೇಳುತ್ತಿದೆಯಾ ಎನ್ನುವುದು ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟಾಗಲೇ ಕಾಣುವುದು.

ಎಲ್ಲ ಸಾಲುಗಳಿಗೂ ಒಂದೇ ಶ್ರಮ ಹಾಕಬೇಕಿಲ್ಲ. ಶೀರ್ಷಿಕೆ ಯಾವ ಸಂಖ್ಯೆಯ ಮೇಲೆ ನಿಂತಿದೆಯೋ ಅದನ್ನು ಮೊದಲು ಹಿಡಿಯಿರಿ. ಆ ಸಂಖ್ಯೆ ಬಿದ್ದರೆ ಲೇಖನವೇ ಬೀಳುತ್ತದೆ ಅಲ್ವಾ? ಕೊನೆಯ ಗಳಿಗೆಯಲ್ಲಿ ಅದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ.

## ಹೆಜ್ಜೆ 2: ಸಂಖ್ಯೆಯ ಮೂಲದ ತನಕ ಹೋಗಿ

ನಿಮಗೆ ಸಂಖ್ಯೆ ಸಿಕ್ಕಿದ ಜಾಗ ಸಾಮಾನ್ಯವಾಗಿ ಅದರ ಮೂಲ ಆಗಿರುವುದಿಲ್ಲ. ಅಲ್ಲಿರುವ ಲಿಂಕ್ ತೆರೆಯಿರಿ. ಅದು ಇನ್ನೊಂದು ಲೇಖನಕ್ಕೆ ಹೋದರೆ ಅಲ್ಲಿನ ಲಿಂಕ್ ತೆರೆಯಿರಿ. ಹೀಗೆ, ಆ ಸಂಖ್ಯೆಯನ್ನು ತಾವೇ ಎಣಿಸಿದ ಅಥವಾ ಲೆಕ್ಕ ಹಾಕಿದವರ ದಾಖಲೆ ಸಿಗುವ ತನಕ ಹೋಗಬೇಕು. ತಲುಪಿದ್ದೀರಿ ಎಂದು ಹೇಗೆ ಗೊತ್ತಾಗುತ್ತದೆ? ಅಲ್ಲಿ ಎಣಿಸಿದ ವಿಧಾನದ ವಿವರ ಇರುತ್ತದೆ, ಕೋಷ್ಟಕ ಇರುತ್ತದೆ, ಆ ಸಂಖ್ಯೆ ಆ ಕೋಷ್ಟಕದಿಂದಲೇ ಬಂದಿರುತ್ತದೆ. ಬೇರೆ ಯಾರನ್ನೂ ತೋರಿಸಿರುವುದಿಲ್ಲ.

ದಾರಿ ನಡುವೆ ಕಡಿದರೆ ಗೂಗಲ್‌ನಲ್ಲಿ ಈ ಬಗೆಯ ಹುಡುಕಾಟಗಳು ಸಹಾಯ ಮಾಡುತ್ತವೆ.

```
"addiction rare in patients treated with narcotics"
"less than 1%" addiction opioid before:1995
site:who.int "processed meat" filetype:pdf
```

ಉದ್ಧರಣ ಚಿಹ್ನೆಯೊಳಗೆ ಹಾಕಿದ್ದು ಹಾಗೇ ಇರುವ ಪುಟಗಳನ್ನು ಹುಡುಕುತ್ತದೆ. `before:` ಹಳೆಯ ಪುಟಗಳ ಕಡೆಗೆ ಒಯ್ಯುತ್ತದೆ. `site:` ಒಂದೇ ಜಾಲತಾಣದೊಳಗೆ ಹುಡುಕುತ್ತದೆ. `filetype:pdf` ವರದಿಗಳನ್ನು ಮೇಲೆ ತರುತ್ತದೆ. ಲಿಂಕ್ ಸತ್ತಿದ್ದರೆ ಅದರ ವಿಳಾಸವನ್ನು `web.archive.org`ನಲ್ಲಿ ಹಾಕಿ ನೋಡಿ. ಹಳೆಯ ಪ್ರತಿ ಅಲ್ಲಿ ಉಳಿದಿರಬಹುದು.

ಮೊದಲ ಎರಡು ಹುಡುಕಾಟಗಳನ್ನು ಸುಮ್ನೆ ಕೊಟ್ಟಿಲ್ಲ. ಅವುಗಳ ಹಿಂದೆ ಒಂದು ನಿಜವಾದ ಪ್ರಕರಣ ಇದೆ. ಮೂಲ ಹುಡುಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಪಿಯಾಯ್ಡ್ ಎಂಬ ಗುಂಪಿನ ನೋವುನಿವಾರಕಗಳ ಬಗ್ಗೆ ನೀವು ಲೇಖನ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಂದು ಹಳೆಯ ಲೇಖನದಲ್ಲಿ ಹೀಗೆ ಸಿಗುತ್ತದೆ: ಈ ಔಷಧ ತೆಗೆದುಕೊಳ್ಳುವವರಲ್ಲಿ ಚಟಕ್ಕೆ ಬೀಳುವವರು ಶೇ. 1ಕ್ಕಿಂತ ಕಡಿಮೆ. 1990ರ ದಶಕದಲ್ಲಿ ಈ ಮಾತು ಎಲ್ಲೆಡೆ ಓಡಾಡಿತು. ಆಕ್ಸಿಕಾಂಟಿನ್ ಎಂಬ ಇಂಥ ಮಾತ್ರೆ ತಯಾರಿಸಿದ ಪರ್ಡ್ಯೂ ಫಾರ್ಮಾ ಕಂಪನಿ ತನ್ನ ಮಾರಾಟ ಪ್ರತಿನಿಧಿಗಳಿಗೂ ಇದನ್ನೇ ಹೇಳಿಕೊಟ್ಟಿತ್ತು. ಈ ಸಂಖ್ಯೆಯ ಹಿಂದೆ ಹೋದರೆ ದಾರಿ ಬಹಳ ಸಲ ಒಂದೇ ಕಡೆ ಬಂದು ನಿಲ್ಲುತ್ತದೆ: ದಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, 1980ರ ಜನವರಿ. ಹೆಸರು ಕೇಳಿದರೆ ಸಾಕು, ಬಹಳ ಜನ ಅಲ್ಲಿಗೇ ಹುಡುಕಾಟ ನಿಲ್ಲಿಸುತ್ತಾರೆ. ಅಷ್ಟು ದೊಡ್ಡ ಪತ್ರಿಕೆ, ಇನ್ನೇನು ಬೇಕು ಅನ್ನಿಸುತ್ತದೆ.

ಆದರೆ ಪುಟ ತೆರೆದರೆ ಅಲ್ಲಿರುವುದು ಸಂಶೋಧನಾ ಪ್ರಬಂಧ ಅಲ್ಲ. ಸಂಪಾದಕರಿಗೆ ಬರೆದ ಒಂದು ಪತ್ರ. ಒಂದೇ ಪ್ಯಾರಾ, ಐದು ವಾಕ್ಯ. ಬರೆದವರು ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಆಸ್ಪತ್ರೆಗೆ ದಾಖಲಾಗಿದ್ದ 39,946 ರೋಗಿಗಳ ಕಡತಗಳನ್ನು ಅವರು ನೋಡಿದ್ದರು. ಅವರಲ್ಲಿ 11,882 ಜನರಿಗೆ ಕನಿಷ್ಠ ಒಂದು ಸಲ ಇಂಥ ಔಷಧ ಕೊಡಲಾಗಿತ್ತು. ಹಿಂದೆ ಚಟ ಇಲ್ಲದಿದ್ದ ರೋಗಿಗಳಲ್ಲಿ, ಸಾಕಷ್ಟು ಚೆನ್ನಾಗಿ ದಾಖಲಾದ ಚಟದ ಪ್ರಕರಣಗಳು ನಾಲ್ಕು. ಪತ್ರದಲ್ಲಿರುವ ಮಾಹಿತಿ ಹೆಚ್ಚುಕಡಿಮೆ ಇಷ್ಟೇ.

ಈಗ ನಾಲ್ಕನೇ ಕಾಲಂ ತುಂಬಿ ನೋಡಿ. ಯಾರು? ಆಸ್ಪತ್ರೆಯ ಹಾಸಿಗೆಯಲ್ಲಿದ್ದವರು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರು ಇದರಲ್ಲಿ ಇಲ್ಲ. ಎಷ್ಟು ಔಷಧ? ಒಂದೇ ಒಂದು ಸಲ ಪಡೆದವರೂ ಲೆಕ್ಕಕ್ಕೆ ಬಂದಿದ್ದಾರೆ. ಎಷ್ಟು ಕಾಲ? ಮನೆಗೆ ಹೋದ ಮೇಲೆ ಏನಾಯಿತು ಎಂಬ ಮಾತೇ ಪತ್ರದಲ್ಲಿಲ್ಲ. ಚಟ ಎಂದು ಹೇಗೆ ತೀರ್ಮಾನಿಸಿದರು? ಅದೂ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. 4ನ್ನು 11,882ರಿಂದ ಭಾಗಿಸಿದರೆ ಸುಮಾರು ಶೇ. 0.03 ಬರುತ್ತದೆ. ಆದರೆ ಈ ಭಾಗಾಕಾರ ಕೂಡ ಸರಿಯಲ್ಲ. ನಾಲ್ಕು ಪ್ರಕರಣಗಳು ಹಿಂದೆ ಚಟ ಇಲ್ಲದವರ ಪೈಕಿ ಕಂಡವು. 11,882 ಎಂಬುದು ಔಷಧ ಪಡೆದ ಎಲ್ಲರ ಸಂಖ್ಯೆ. ಹಿಂದೆ ಚಟ ಇಲ್ಲದವರು ಎಷ್ಟಿದ್ದರು ಎಂದು ಪತ್ರ ಹೇಳುವುದಿಲ್ಲ. ಮೇಲಿನ ಸಂಖ್ಯೆ ಒಂದು ಗುಂಪಿನದು, ಕೆಳಗಿನದು ಇನ್ನೊಂದು ಗುಂಪಿನದು. ಶೇಕಡ ಎಲ್ಲಿ ಕಂಡರೂ ಇದನ್ನು ಕೇಳಲೇಬೇಕು: ಭಾಗಿಸಿದ್ದು ಯಾವುದರಿಂದ?

2017ರಲ್ಲಿ ಅದೇ ಪತ್ರಿಕೆಯಲ್ಲಿ ಕೆನಡಾದ ಸಂಶೋಧಕರು ಈ ಪತ್ರವನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ಎಂದು ಎಣಿಸಿ ಪ್ರಕಟಿಸಿದರು. ಉಲ್ಲೇಖಗಳು 608. ಅವುಗಳಲ್ಲಿ 439, ಅಂದರೆ ಶೇ. 72.2, ಚಟ ಅಪರೂಪ ಎಂಬುದಕ್ಕೆ ಇದನ್ನೇ ಸಾಕ್ಷಿಯಾಗಿ ಕೊಟ್ಟಿದ್ದವು. 491 ಉಲ್ಲೇಖಗಳು, ಅಂದರೆ ಶೇ. 80.8, ಇದು ಆಸ್ಪತ್ರೆಯಲ್ಲಿದ್ದ ರೋಗಿಗಳ ಲೆಕ್ಕ ಎಂಬುದನ್ನೇ ಬಿಟ್ಟಿದ್ದವು. ಆಮೇಲೆ ಪತ್ರಿಕೆ ಹಳೆಯ ಪತ್ರದ ಮೇಲೆ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ ಹಾಕಿತು. ಐದು ವಾಕ್ಯ ಓದಲು ಒಂದು ನಿಮಿಷ ಸಾಕು. ಆ ನಿಮಿಷ ಕೊಡದೆ ಬರೆದದ್ದರ ಬೆಲೆಯನ್ನು ರೋಗಿಗಳು ತೆತ್ತರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಈ ಮೂಲವನ್ನು ಬಳಸಲೇಬಾರದಾ? ಬಳಸಬಹುದು, ಅದು ಹೇಳುವಷ್ಟನ್ನೇ ಹೇಳಿ. 'ಆಸ್ಪತ್ರೆಯಲ್ಲಿದ್ದಾಗ ಕನಿಷ್ಠ ಒಂದು ಸಲ ಈ ಔಷಧ ಪಡೆದ 11,882 ರೋಗಿಗಳ ಕಡತಗಳಲ್ಲಿ, ಹಿಂದೆ ಚಟ ಇಲ್ಲದವರಲ್ಲಿ ನಾಲ್ಕು ಪ್ರಕರಣಗಳು ದಾಖಲಾಗಿದ್ದವು ಎಂದು 1980ರ ಒಂದು ಕಿರುಪತ್ರ ಹೇಳಿತ್ತು.' ವಾಕ್ಯ ಉದ್ದವಾಯಿತು, ಜೋರು ಕಡಿಮೆಯಾಯಿತು. ಆಗಲಿ ಬಿಡಿ. ಆ ಮೂಲಕ್ಕೆ ಇರುವ ಜೋರು ಅಷ್ಟೇ.

ಹುಡುಕುತ್ತಾ ಹೋದಾಗ ಕೆಲವು ಸಲ ಸುತ್ತು ಹೊಡೆಯುತ್ತೀರಿ. ಅ ಎಂಬ ಲೇಖನ ಆ ಎಂಬುದನ್ನು ತೋರಿಸುತ್ತದೆ, ಅದು ಇ ಎಂಬುದನ್ನು, ಅದು ಮತ್ತೆ ಅ ಕಡೆಗೆ. ಇಪ್ಪತ್ತು ಕಡೆ ಒಂದೇ ಸಂಖ್ಯೆ ಕಂಡರೂ ಅವೆಲ್ಲ ಸೇರಿ ಒಂದೇ ಮೂಲ, ಅಥವಾ ಒಂದೂ ಇಲ್ಲ. ಎಲ್ಲ ಕಡೆ ಒಂದೇ ದುಂಡು ಸಂಖ್ಯೆ, ಒಂದೇ ಪದಗಳು, 'ಅಧ್ಯಯನಗಳ ಪ್ರಕಾರ' ಎಂಬ ಒಂದೇ ಹಾರಿಕೆ, ಸಂಸ್ಥೆಯ ಮುಖಪುಟಕ್ಕೆ ಮಾತ್ರ ಹೋಗುವ ಲಿಂಕ್: ಇವು ಕಂಡರೆ ಎಚ್ಚರವಾಗಿರಿ. ಮೂಲ ಸಿಗದಿದ್ದರೆ ಸಂಖ್ಯೆಯನ್ನು ತೆಗೆದುಹಾಕಿ. 'ಒಂದು ಅಂದಾಜಿನ ಪ್ರಕಾರ' ಎಂದು ಸೇರಿಸಿ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಓದುಗರ ತಲೆಯಲ್ಲಿ ಉಳಿಯುವುದು ಸಂಖ್ಯೆ, ಆ ಮೂರು ಪದಗಳಲ್ಲ.

ಸುಳ್ಳನ್ನು ಬಯಲು ಮಾಡುವ ಕತೆಗಳಿಗೂ ಇದೇ ಪರೀಕ್ಷೆ ಬೇಕು. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ಜಾಸ್ತಿ ಎಂಬ ನಂಬಿಕೆ ದಶಮಾಂಶ ಬಿಂದು ತಪ್ಪಾಗಿ ಬಿದ್ದದ್ದರಿಂದ ಹುಟ್ಟಿತು ಎಂಬ ಕತೆ ಬಹಳ ಪ್ರಸಿದ್ಧ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಬರಹದಿಂದ ಅದು ಹರಡಿತು. ಆ ಬರಹದಲ್ಲಿ ಅದಕ್ಕೆ ಮೂಲವನ್ನೇ ಕೊಟ್ಟಿರಲಿಲ್ಲ. 2010ರಲ್ಲಿ ಮೈಕ್ ಸಟನ್ ಎಂಬ ಸಂಶೋಧಕರು ಹುಡುಕಿದಾಗ ದಶಮಾಂಶದ ಕತೆಗೆ ಆಧಾರ ಸಿಗಲಿಲ್ಲ. ತಪ್ಪು ತಿದ್ದಲು ಹೊರಟ ಮಾತೇ ಪರೀಕ್ಷೆಯಿಲ್ಲದೆ ಮೂವತ್ತು ವರ್ಷ ಓಡಿತು.

## ಹೆಜ್ಜೆ 3: ಸಂಖ್ಯೆಯ ಅಕ್ಕಪಕ್ಕದ ವಾಕ್ಯ ಓದಿ

ಮೂಲ ಸಿಕ್ಕ ಮೇಲೆ ಸಂಖ್ಯೆ ಇರುವ ಸಾಲನ್ನು ಮಾತ್ರ ನೋಡಿ ಮುಚ್ಚಬೇಡಿ. ಅದರ ಹಿಂದಿನ ಒಂದು ಪ್ಯಾರಾ, ಮುಂದಿನ ಒಂದು ಪ್ಯಾರಾ, ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ, ವಿಧಾನದ ಭಾಗ ಇಷ್ಟನ್ನಾದರೂ ಓದಿ. ಸಾರಾಂಶ ಮತ್ತು ಪತ್ರಿಕಾ ಪ್ರಕಟಣೆಗಳಲ್ಲಿ ಷರತ್ತುಗಳು ಮೊದಲೇ ಸೋರಿ ಹೋಗಿರುತ್ತವೆ.

ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು ಎಂಬ ಮಾತನ್ನು ತೆಗೆದುಕೊಳ್ಳಿ. ಇದರ ಮೂಲ ಎಂದು ಹಲವರು ತೋರಿಸುವುದು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ಕೊಟ್ಟ ಶಿಫಾರಸನ್ನು. ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಎಂದು ಅದರಲ್ಲಿದೆ. ಅದಾದ ಸ್ವಲ್ಪದರಲ್ಲೇ, ಇದರಲ್ಲಿ ಬಹುಪಾಲು ತಯಾರಿಸಿದ ಆಹಾರದಲ್ಲೇ ಇರುತ್ತದೆ ಎಂಬ ವಾಕ್ಯವೂ ಇದೆ. ಮೊದಲ ವಾಕ್ಯ ಲೋಕ ಸುತ್ತಿತು. ಎರಡನೆಯದು ಪುಟದಲ್ಲೇ ಉಳಿಯಿತು.

ಮೂಲ ಪ್ರಬಂಧ ಈಗಲೂ ನಿಂತಿದೆಯಾ ಎಂದೂ ನೋಡಬೇಕು. ವೈದ್ಯಕೀಯ ಪ್ರಬಂಧವಾದರೆ, ಅಂಥ ಪ್ರಬಂಧಗಳನ್ನು ಪಟ್ಟಿ ಮಾಡುವ ಪಬ್‌ಮೆಡ್ ಜಾಲತಾಣದಲ್ಲಿ ಅದರ ಪುಟ ತೆರೆಯಿರಿ. ಹಿಂತೆಗೆದುಕೊಂಡಿದ್ದರೆ ಅಥವಾ ತಿದ್ದುಪಡಿ ಬಂದಿದ್ದರೆ ಅಲ್ಲಿ ಸೂಚನೆ ಇರುತ್ತದೆ. ಬೇರೆ ವಿಷಯಗಳಿಗೆ ಪತ್ರಿಕೆಯ ಸ್ವಂತ ಪುಟ ಮತ್ತು ಹಿಂತೆಗೆದುಕೊಂಡ ಪ್ರಬಂಧಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್ ದತ್ತಾಂಶ ಪಟ್ಟಿ ನೋಡಬಹುದು. ಸರ್ಕಾರಿ ಅಂಕಿಅಂಶಗಳಲ್ಲಿ ಮೊದಲು ತಾತ್ಕಾಲಿಕ ಅಂದಾಜು ಬರುತ್ತದೆ, ಆಮೇಲೆ ಪರಿಷ್ಕೃತ ಅಂದಾಜು. ಎರಡೂ ಜಾಲದಲ್ಲಿ ಉಳಿದಿರುತ್ತವೆ. ನೀವು ಹಿಡಿದಿರುವುದು ಯಾವುದು ಎಂದು ದಿನಾಂಕ ನೋಡಿ.

## ಹೆಜ್ಜೆ 4: ಲೆಕ್ಕವನ್ನು ನೀವೇ ಮಾಡಿ

ಇದಕ್ಕೆ ದೊಡ್ಡ ಗಣಿತ ಬೇಡ. ಕೂಡುವುದು, ಭಾಗಿಸುವುದು ಸಾಕು. ನಾನು ಇಲ್ಲಿ ಎರಡು ಉದಾಹರಣೆ ಬಿಡಿಸಿ ತೋರಿಸುತ್ತೇನೆ.

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದು ತೀರ್ಮಾನ ಪ್ರಕಟಿಸಿತು. ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ. 18ರಷ್ಟು ಹೆಚ್ಚುತ್ತದೆ ಎಂದು ಅದರಲ್ಲಿತ್ತು. ಇದನ್ನು ಓದಿದವರು, ನೂರು ಜನ ತಿಂದರೆ ಹದಿನೆಂಟು ಜನಕ್ಕೆ ಹೆಚ್ಚಾಗಿ ಕ್ಯಾನ್ಸರ್ ಬರುತ್ತದೆ ಎಂದು ತಿಳಿಯುವುದು ಸಹಜ. ಹಾಗಲ್ಲ. ಶೇ. 18 ಎಂಬುದು ಮೊದಲೇ ಇದ್ದ ಸಾಧ್ಯತೆಯ ಮೇಲಿನ ಹೆಚ್ಚಳ. ಮೊದಲು ಎಷ್ಟಿತ್ತು ಎಂದು ಗೊತ್ತಿಲ್ಲದೆ ಅದಕ್ಕೆ ಅರ್ಥ ಬರುವುದಿಲ್ಲ.

ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆ ಆಗ ಇದನ್ನು ಜನರ ಲೆಕ್ಕದಲ್ಲಿ ಬಿಡಿಸಿ ಹೇಳಿತು. ಅಲ್ಲಿ ಸಂಸ್ಕರಿಸಿದ ಮಾಂಸವನ್ನು ಅತಿ ಕಡಿಮೆ ತಿನ್ನುವ 1,000 ಜನರಲ್ಲಿ ಜೀವಮಾನದಲ್ಲಿ ಸುಮಾರು 56 ಮಂದಿಗೆ ಈ ಕ್ಯಾನ್ಸರ್ ಬರುತ್ತದೆ. ಅತಿ ಹೆಚ್ಚು ತಿನ್ನುವ 1,000 ಜನರಲ್ಲಿ ಸುಮಾರು 66 ಮಂದಿಗೆ. ಈಗ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. 66ನ್ನು 56ರಿಂದ ಭಾಗಿಸಿದರೆ 1.18ರ ಹತ್ತಿರ ಬರುತ್ತದೆ, ಅಂದರೆ ಸುಮಾರು ಶೇ. 18 ಹೆಚ್ಚಳ. 66ರಿಂದ 56 ಕಳೆದರೆ ಸಾವಿರಕ್ಕೆ 10, ಅಂದರೆ ನೂರಕ್ಕೆ ಒಬ್ಬರು. ಎರಡೂ ಸರಿ. ಲೇಖನದಲ್ಲಿ ಎರಡನ್ನೂ ಕೊಡಿ. ಒಂದನ್ನೇ ಕೊಡಲು ಜಾಗ ಇದ್ದರೆ ಸಾವಿರಕ್ಕೆ ಎಷ್ಟು ಎಂಬುದನ್ನು ಕೊಡಿ ಎನ್ನುತ್ತೇನೆ ನಾನು. ಅದರಲ್ಲಿ ಮೊದಲು ಎಷ್ಟಿತ್ತು ಎಂಬುದೂ ಕಾಣುತ್ತದೆ. ಮತ್ತೆ, ಈ 56 ಮತ್ತು 66 ಬ್ರಿಟನ್ನಿನ ಲೆಕ್ಕ. ಬೇರೆ ದೇಶದ ಓದುಗರಿಗೆ ಬರೆಯುವಾಗ ಅದನ್ನು ಬಿಡುವಂತಿಲ್ಲ.

ಇದೇ ಸುದ್ದಿಯಲ್ಲಿ ಇನ್ನೊಂದು ಎಡವಟ್ಟೂ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಆ ಅಂಗಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ಗುಂಪು 1ರಲ್ಲಿ ಹಾಕಿತ್ತು. ತಂಬಾಕು ಕೂಡ ಅದೇ ಗುಂಪಿನಲ್ಲಿದೆ. ಎರಡೂ ಒಂದೇ ಸಮ ಅಪಾಯ ಎಂದು ಹಲವು ಶೀರ್ಷಿಕೆಗಳು ಹೇಳಿದವು. ಆ ಗುಂಪುಗಳು ಹೇಳುವುದು ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂಬುದು ಬೇರೆ ಪ್ರಶ್ನೆ. ಮೂಲದಲ್ಲಿ ಶ್ರೇಣಿ, ಅಂಕ, ಗುಂಪು ಏನೇ ಇದ್ದರೂ ಅದು ಏನನ್ನು ಅಳೆಯುತ್ತದೆ ಎಂಬ ಒಂದು ಸಾಲನ್ನು ಹುಡುಕಿ ಓದಿ.

ಶೇಕಡ ಮತ್ತು ಪರ್ಸೆಂಟೇಜ್ ಪಾಯಿಂಟ್ ನಡುವಿನ ಗೊಂದಲವೂ ಇದೇ ಜಾತಿಯದು. ಬಡ್ಡಿದರ ಶೇ. 4ರಿಂದ ಶೇ. 5ಕ್ಕೆ ಹೋದರೆ ಅದು ಒಂದು ಪರ್ಸೆಂಟೇಜ್ ಪಾಯಿಂಟ್ ಏರಿಕೆ, ಶೇ. 25ರಷ್ಟು ಏರಿಕೆ. 'ಶೇ. 1 ಏರಿತು' ಎಂದರೆ ತಪ್ಪು. ಗೊಂದಲ ಬೇಡವೆಂದರೆ 'ನಾಲ್ಕರಿಂದ ಐದಕ್ಕೆ ಏರಿತು' ಎಂದು ಬರೆಯಿರಿ, ಮುಗಿಯಿತು.

ಎರಡನೇ ಉದಾಹರಣೆ ಬರೀ ಒಂದು ಪದ ಜಾಗ ಬದಲಿಸಿದ್ದರದ್ದು. 1994ರಲ್ಲಿ ಅಮೆರಿಕದ ಮಕ್ಕಳ ಹಕ್ಕುಗಳ ಸಂಸ್ಥೆ ಚಿಲ್ಡ್ರನ್ಸ್ ಡಿಫೆನ್ಸ್ ಫಂಡ್ ಒಂದು ವರದಿಯಲ್ಲಿ, ವರ್ಷಕ್ಕೆ ಬಂದೂಕಿಗೆ ಬಲಿಯಾಗುವ ಮಕ್ಕಳ ಸಂಖ್ಯೆ 1950ರಿಂದ ಈಚೆಗೆ ದುಪ್ಪಟ್ಟಾಗಿದೆ ಎಂದು ಬರೆದಿತ್ತು. ಮರುವರ್ಷ ಒಂದು ವಿದ್ವತ್ ಪತ್ರಿಕೆಯಲ್ಲಿ ಅದು ಹೀಗಾಯಿತು: 1950ರಿಂದ ಈ ಸಂಖ್ಯೆ ಪ್ರತಿ ವರ್ಷ ದುಪ್ಪಟ್ಟಾಗುತ್ತಿದೆ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಇದನ್ನು ಎತ್ತಿ ತೋರಿಸಿದರು. ಪದಗಳು ಹೆಚ್ಚುಕಡಿಮೆ ಅವೇ, ಅರ್ಥ ಪೂರ್ತಿ ಬೇರೆ.

ಲೆಕ್ಕ ಹಾಕಿ ನೋಡಿ. 1950ರಲ್ಲಿ ಒಂದೇ ಮಗು ಸತ್ತಿತ್ತು ಎಂದುಕೊಳ್ಳಿ. ಪ್ರತಿ ವರ್ಷ ದುಪ್ಪಟ್ಟಾದರೆ ಹತ್ತು ವರ್ಷಕ್ಕೆ 1,024. ಇಪ್ಪತ್ತು ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. 1980ಕ್ಕೆ 107 ಕೋಟಿ ದಾಟುತ್ತದೆ. ಆಗ ಅಮೆರಿಕದ ಇಡೀ ಜನಸಂಖ್ಯೆಯೇ 23 ಕೋಟಿಯ ಆಸುಪಾಸು. ಒಂದು ಬೆಳವಣಿಗೆಯ ಮಾತು ಕಂಡಾಗ ಅದನ್ನು ಹೀಗೆ ಹಿಂದಕ್ಕೋ ಮುಂದಕ್ಕೋ ಓಡಿಸಿ ನೋಡಿ. ತಪ್ಪಿದ್ದರೆ ಐದು ನಿಮಿಷದಲ್ಲಿ ಅದು ತಾನಾಗಿ ಹೊರಬರುತ್ತದೆ.

ಇಂಗ್ಲಿಷ್ ಮೂಲದಿಂದ ಕನ್ನಡಕ್ಕೆ ತರುವವರು ಇನ್ನೊಂದು ಜಾಗದಲ್ಲಿ ಜಾರುತ್ತಾರೆ. ಮಿಲಿಯನ್ ಎಂದರೆ ಹತ್ತು ಲಕ್ಷ. ಬಿಲಿಯನ್ ಎಂದರೆ ನೂರು ಕೋಟಿ. ಟ್ರಿಲಿಯನ್ ಎಂದರೆ ಲಕ್ಷ ಕೋಟಿ. 3.4 ಬಿಲಿಯನ್ ಎಂದರೆ 340 ಕೋಟಿ. ಅವಸರದಲ್ಲಿ ಅದು 34 ಕೋಟಿ ಆಗಿಬಿಡುತ್ತದೆ. ಸೊನ್ನೆಗಳನ್ನು ಪೂರ್ತಿ ಬರೆದು ಎಣಿಸಿ. ಬ್ರಿಟನ್ನಿನ ಹಳೆಯ ಪುಸ್ತಕ ಬಳಸುತ್ತಿದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಬಿಲಿಯನ್ ಎಂದರೆ ಲಕ್ಷ ಕೋಟಿ ಎಂಬ ರೂಢಿಯಿತ್ತು. ಸರ್ಕಾರದ ಅಂಕಿಅಂಶಗಳಲ್ಲಿ ಇಂದಿನ ಅರ್ಥಕ್ಕೆ ಬಂದದ್ದು 1974ರಲ್ಲಿ.

## ಹೆಜ್ಜೆ 5: ಸ್ವಂತಿಕೆ

ಮೂಲಗಳನ್ನು ಚೆನ್ನಾಗಿ ಓದಿದವರ ಬರಹದಲ್ಲೇ ಮೂಲದ ವಾಕ್ಯಗಳು ನುಸುಳುವ ಸಾಧ್ಯತೆ ಹೆಚ್ಚು. ಟಿಪ್ಪಣಿ ಮಾಡಿಕೊಳ್ಳುವಾಗ ನಕಲು ಮಾಡಿಟ್ಟ ವಾಕ್ಯ ವಾರದ ನಂತರ ನಿಮ್ಮದೇ ಎನಿಸುತ್ತದೆ. ಅದಕ್ಕೇ ಟಿಪ್ಪಣಿಯಲ್ಲಿ ಮೂಲದ ಮಾತುಗಳಿಗೆ ಬೇರೆ ಬಣ್ಣ ಕೊಡಿ. ನಿಮ್ಮ ಸ್ಪ್ರೆಡ್‌ಶೀಟಿನ ಎರಡನೇ ಕಾಲಂ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಮೊದಲ ಮತ್ತು ಎರಡನೇ ಕಾಲಂ ಅಕ್ಕಪಕ್ಕ ಓದಿ. ಪದ ಬದಲಾಗಿ ವಾಕ್ಯದ ಮೈಕಟ್ಟು ಹಾಗೇ ಉಳಿದಿದ್ದರೆ ಅದು ನಿಮ್ಮ ವಾಕ್ಯ ಅಲ್ಲ. ಮೂಲ ಮುಚ್ಚಿ, ವಿಷಯವನ್ನು ಯಾರಿಗಾದರೂ ಬಾಯಲ್ಲಿ ಹೇಳುವಂತೆ ಬರೆಯಿರಿ. ಆಮೇಲೆ ಮೂಲ ತೆರೆದು ಸಂಗತಿ ತಪ್ಪಿದೆಯಾ ನೋಡಿ. ಮೂಲದ ಮಾತೇ ಬೇಕು ಎನಿಸಿದರೆ ಉದ್ಧರಣ ಚಿಹ್ನೆ ಹಾಕಿ, ಹೆಸರು ಹೇಳಿ.

ಹೋಲಿಕೆ ತೋರಿಸುವ ಸಾಫ್ಟ್‌ವೇರ್ ಬಳಸುವುದಾದರೆ ಅದರ ಅಂಕೆ ನೋಡಿ ತೀರ್ಮಾನ ಮಾಡಬೇಡಿ. ಉದ್ಧರಣೆಗಳು, ಸಂಸ್ಥೆಗಳ ಉದ್ದ ಹೆಸರುಗಳು, ಕೋಷ್ಟಕದ ತಲೆಬರಹಗಳು ಎಲ್ಲ ಸೇರಿ ಆ ಅಂಕೆ ಸುಮ್ಮನೆ ಏರುತ್ತದೆ. ಇನ್ನೊಂದು ಕಡೆ, ಬೇರೆ ಭಾಷೆಯಿಂದ ಅನುವಾದಿಸಿ ತನ್ನದೆಂದು ಇಟ್ಟ ಪ್ಯಾರಾ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಕಣ್ಣಿಗೆ ಬೀಳದಿದ್ದರೂ ಅದು ಕೃತಿಚೌರ್ಯವೇ. ಗುರುತು ಹಾಕಿದ ಒಂದೊಂದು ಭಾಗವನ್ನೂ ತೆರೆದು ಓದಿ ತೀರ್ಮಾನಿಸಿ.

ಸಂಗತಿ ಯಾರ ಸ್ವತ್ತೂ ಅಲ್ಲ. ಆದರೆ ಅದನ್ನು ಹುಡುಕಿ ತೆಗೆದ ಶ್ರಮ ಯಾರದೋ ಆಗಿರುತ್ತದೆ. ಇನ್ನೊಬ್ಬ ಲೇಖಕರು ಹತ್ತು ವರದಿಗಳನ್ನು ಜೋಡಿಸಿ ಒಂದು ಹೋಲಿಕೆ ಕಟ್ಟಿದ್ದರೆ, ನೀವು ಆ ಹತ್ತು ವರದಿಗಳ ಹೆಸರು ಮಾತ್ರ ಕೊಟ್ಟು ಅವರನ್ನು ಬಿಡುವುದು ನ್ಯಾಯವಲ್ಲ. ಚಾರ್ಟುಗಳ ವಿಷಯದಲ್ಲಿ ಪರವಾನಗಿಯನ್ನೂ ನೋಡಿ. ಅವರ್ ವರ್ಲ್ಡ್ ಇನ್ ಡೇಟಾ ಎಂಬ ಅಂಕಿಅಂಶಗಳ ಜಾಲತಾಣ ತನ್ನ ಚಾರ್ಟುಗಳನ್ನು ಹೆಸರು ಹೇಳಿ ಬಳಸಲು ಬಿಡುತ್ತದೆ. ಎಲ್ಲರೂ ಹಾಗಲ್ಲ.

ನೋಡದ ಮೂಲವನ್ನು ನೋಡಿದಂತೆ ಉಲ್ಲೇಖಿಸುವುದನ್ನು ಹಲವರು ತಪ್ಪು ಎಂದೇ ತಿಳಿದಿಲ್ಲ. ಅದು ಹೇಗೆ ಬಯಲಾಗುತ್ತದೆ ಎಂದು ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ ಎಂಬ ಸಂಶೋಧಕರು 2003ರ ಸುಮಾರಿಗೆ ತೋರಿಸಿದರು. ಭೌತಶಾಸ್ತ್ರದ ಒಂದು ಪ್ರಸಿದ್ಧ ಪ್ರಬಂಧಕ್ಕೆ ಬಂದ ನಾಲ್ಕು ಸಾವಿರಕ್ಕೂ ಹೆಚ್ಚು ಉಲ್ಲೇಖಗಳಲ್ಲಿ 196ರಲ್ಲಿ ಅಚ್ಚಿನ ತಪ್ಪುಗಳಿದ್ದವು. ಬೇರೆ ಬೇರೆ ಬಗೆಯ ತಪ್ಪುಗಳು 45 ಮಾತ್ರ. ಪುಟಸಂಖ್ಯೆಯ ಒಂದೇ ತಪ್ಪು 78 ಸಲ ಮರುಕಳಿಸಿತ್ತು. ಅಷ್ಟು ಜನ ತಾವಾಗಿ ಒಂದೇ ತಪ್ಪು ಮಾಡುವುದು ಆಗದ ಮಾತು. ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಎತ್ತಿಕೊಂಡಿದ್ದರು. ಮೂಲ ಸಿಗದೆ ಇನ್ನೊಬ್ಬರ ಬರಹದ ಮೂಲಕವೇ ಗೊತ್ತಾಗಿದ್ದರೆ ಹಾಗೇ ಬರೆಯಿರಿ: 'ಇಂಥವರ ಬರಹದಲ್ಲಿ ಉಲ್ಲೇಖವಾದಂತೆ'.

## ಹೆಜ್ಜೆ 6: ಪ್ರಕಟಿಸುವ ದಿನ

ಉದ್ಧರಣೆಗಳಿದ್ದರೆ ರೆಕಾರ್ಡಿಂಗ್ ಅಥವಾ ಮೂಲ ಪಠ್ಯದ ಜೊತೆ ಮತ್ತೊಮ್ಮೆ ತಾಳೆ ನೋಡಿ. ಅನುವಾದಿಸಿದ ಉದ್ಧರಣೆಯಾದರೆ ಅನುವಾದ ಯಾರದು ಎಂದು ಹೇಳಿ. ತಾಂತ್ರಿಕ ಭಾಗವನ್ನು ಆ ವಿಷಯ ಬಲ್ಲ ಒಬ್ಬರಿಗೆ ಓದಲು ಕೊಡಿ. ಇಡೀ ಲೇಖನ ಕೊಟ್ಟು ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಸಂಖ್ಯೆ ಇರುವ ವಾಕ್ಯಗಳನ್ನು ಮಾತ್ರ ಕೊಟ್ಟು, ಇದನ್ನು ಓದಿ ನಿಮಗೆ ಏನು ಅರ್ಥವಾಯಿತು ಎಂದು ಕೇಳಿ. ಅವರು ಹೇಳಿದ್ದು ಮೂಲದ ಅರ್ಥಕ್ಕೆ ಹೊಂದದಿದ್ದರೆ ತಿದ್ದಬೇಕಾದ್ದು ನಿಮ್ಮ ವಾಕ್ಯ.

ಶೀರ್ಷಿಕೆ, ಚಿತ್ರದ ಕೆಳಗಿನ ಸಾಲು ಮತ್ತು ಹಂಚಿಕೊಳ್ಳಲು ಬರೆಯುವ ಒಂದು ಸಾಲಿನ ಪರಿಚಯವನ್ನು ಕೊನೆಯಲ್ಲಿ ಪರೀಕ್ಷಿಸಿ. ಒಳಗೆ ಜೋಪಾನವಾಗಿ ಇಟ್ಟ ಷರತ್ತು ಇಲ್ಲಿ ಮತ್ತೆ ಕಳಚುತ್ತದೆ. ಇವುಗಳನ್ನು ಬರೆಯುವುದು ಸಾಮಾನ್ಯವಾಗಿ ಎಲ್ಲ ಪರೀಕ್ಷೆ ಮುಗಿದ ಮೇಲೆ, ಒಮ್ಮೊಮ್ಮೆ ಬೇರೆಯವರ ಕೈಯಲ್ಲಿ.

ಬಳಸಿದ ಪ್ರತಿ ಪುಟವನ್ನೂ `web.archive.org/save` ಮೂಲಕ ಉಳಿಸಿ, ಆ ವಿಳಾಸ ಮತ್ತು ನೋಡಿದ ದಿನಾಂಕವನ್ನು ಪಟ್ಟಿಗೆ ಸೇರಿಸಿ. ಪಟ್ಟಿಯನ್ನು ಇಟ್ಟುಕೊಳ್ಳಿ. ಓದುಗರು ಒಂದು ಸಂಖ್ಯೆಯನ್ನು ಪ್ರಶ್ನಿಸಿದ ದಿನ ಆ ಸಾಲು ತೆರೆದರೆ ಸಾಕು, ಉತ್ತರ ಅಲ್ಲೇ ಇರುತ್ತದೆ. ಪ್ರಶ್ನೆ ಸರಿಯಾಗಿದ್ದರೆ ಲೇಖನವನ್ನು ಸದ್ದಿಲ್ಲದೆ ಬದಲಿಸಬೇಡಿ. ಮೊದಲು ಏನಿತ್ತು, ಈಗ ಏನಾಗಿದೆ, ಯಾವ ದಿನ ತಿದ್ದಿದ್ದು ಎಂಬ ಮೂರು ಸಂಗತಿಗಳನ್ನು ಲೇಖನದ ಮೇಲೆಯೇ ಬರೆಯಿರಿ. ಹಳೆಯ ಸಂಖ್ಯೆಯನ್ನು ಆಗಲೇ ಎತ್ತಿಕೊಂಡು ಹೋದವರಿಗೆ ತಿದ್ದುಪಡಿ ಕಾಣುವುದು ಆಗ ಮಾತ್ರ.